ಫ್ರೆಂಚ್ ಮೇಲ್: ಕಳಿಸುವ ಮುಂಚೆ ಒಂದು ಸುತ್ತು

ಸೋಮವಾರಪೇಟೆಯ ನಮ್ಮ ತೋಟದ ಕಾಫಿ ದರವನ್ನು ಫ್ರಾನ್ಸ್‌ಗೆ ಮೇಲ್ ಮಾಡಿದಾಗೆಲ್ಲ, ‘ಎಷ್ಟು ಕೆಜಿ?’ ಅಂತ ಪ್ರಶ್ನೆ ವಾಪಸ್ ಬರುತ್ತಿತ್ತು. ಕಾರಣ ಅಲ್ಪವಿರಾಮ. ಫ್ರೆಂಚ್‌ನಲ್ಲಿ ಅದು ದಶಮಾಂಶದ ಗುರುತು. ನಮ್ಮ 1,250 ಕೆಜಿ ಅವರ ಕಣ್ಣಿಗೆ ಒಂದೂಕಾಲು ಕೆಜಿ! ಈಗ ಸಾವಿರದ ಜಾಗದಲ್ಲಿ ಖಾಲಿ ಬಿಡುತ್ತೇನೆ: 1 250 kg. ಬೆಲೆ 6,50 €. ಆಮೇಲೆ ಲಗತ್ತಿಸಿದ ಬೆಲೆಪಟ್ಟಿಯನ್ನು ಮೇಲ್‌ನಿಂದಲೇ ತೆರೆದು, ಎರಡೂ ಕಡೆಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಹಳೇ ಫೈಲ್ ಇದ್ದರೆ ಸಿಕ್ಕಿಬೀಳುವುದು ಇಲ್ಲೇ.

ಗ್ರಾಹಕರ ಹೆಸರನ್ನು ಅವರ ಮೇಲ್‌ನ ಕೊನೆಯ ಸಹಿಯಿಂದಲೇ ಕಾಪಿ ಮಾಡುತ್ತೇನೆ. É ಮೇಲಿನ ಗೆರೆ ಬಿಟ್ಟುಹೋಗಲ್ಲ. ಪೂರ್ತಿ ದೊಡ್ಡಕ್ಷರದಲ್ಲಿದ್ದರೆ ಅದು ಸಾಮಾನ್ಯವಾಗಿ ಮನೆತನದ ಹೆಸರು, ಮೊದಲು ಬಂದರೂ ಅಷ್ಟೇ. ಕೊಡವರ ಮನೆಹೆಸರೂ ಮುಂದೆಯೇ ಅಲ್ವಾ!

ಧಾಟಿಗೆ, vous ಅಂದರೆ ‘ನೀವು’ ಅಂತ ಬರೆದ ಮೇಲ್‌ನಲ್ಲಿ ಎಲ್ಲಾದರೂ tu ಅಂದರೆ ‘ನೀನು’ ನುಸುಳಿದೆಯೇ ಅಂತ ಹುಡುಕುತ್ತೇನೆ. ‘ನನಗೆ ಬೇಕು’ ಅನ್ನುವ je veux ಕಂಡರೆ ಅದನ್ನೇ ವಿನಯದಿಂದ ಹೇಳುವ je voudrais ಮಾಡುತ್ತೇನೆ.

ಇದೆಲ್ಲ ಮುಗಿಯುವವರೆಗೂ ವಿಳಾಸದ ಖಾನೆ ಖಾಲಿ. ಉತ್ತರಿಸುವಾಗ ವಿಳಾಸಗಳು ತಾವೇ ತುಂಬಿಕೊಳ್ಳುತ್ತವೆ. ಅವನ್ನು ಅಳಿಸಿ ಕೊನೆಗೆ ಹಾಕುತ್ತೇನೆ. Cc ಸಾಲನ್ನು ಮಾತ್ರ ಸುಮ್ನೆ ಬಿಡಬೇಡಿ. ಅಲ್ಲಿ ಇನ್ನೊಬ್ಬ ಗ್ರಾಹಕರು ಉಳಿದುಕೊಂಡಿದ್ದರೆ ಇವರಿಗೆ ಕೊಟ್ಟ ದರ ಅವರಿಗೂ ಗೊತ್ತಾಗುತ್ತದೆ.