ತಪ್ಪು ನಂಬರಿಗೆ ಹೋದ 4,500 ರೂಪಾಯಿ ವಾಪಸ್ ಬಂದದ್ದು ಹೀಗೆ

ಮೊಬೈಲ್ ನಂಬರಿನ ಒಂದು ಅಂಕಿ ತಪ್ಪಿ, ಯುಪಿಐನಲ್ಲಿ ಬಾಡಿಗೆ ಹಣ ಯಾರಿಗೋ ಹೋಯಿತು. ಹತ್ತು ಸಲ ಕರೆ ಮಾಡಿದೆ, ಎತ್ತಲಿಲ್ಲ. ಆ್ಯಪ್‌ನಲ್ಲೇ ಹಣ ವಾಪಸ್ ಕೇಳಿ ಮೆಸೇಜ್ ಕಳಿಸಿದೆ, ಅಲ್ಲಿ ಬ್ಲಾಕ್ ಮಾಡಿದರು. ಮೋಸಗಾರರೂ ಹಾಗೇ ಕೇಳುತ್ತಾರೆ, ಅಲ್ವಾ? ಬ್ಯಾಂಕಿನವರು ದೂರು ತೆಗೆದುಕೊಂಡರು. ಆದರೆ ಪಡೆದವರು ಒಪ್ಪದೆ ಹಣ ಹಿಂದಕ್ಕೆ ಎಳೆಯಲು ಆಗುವುದಿಲ್ಲ ಎಂದರು.

ಕೊನೆಗೆ ಕೆಲಸ ಮಾಡಿದ್ದು ಈ ಎಸ್ಸೆಮ್ಮೆಸ್:

"ನಮಸ್ಕಾರ. ನಿನ್ನೆ ರಾತ್ರಿ 8:40ಕ್ಕೆ ನನ್ನಿಂದ ತಪ್ಪಾಗಿ ನಿಮ್ಮ ಖಾತೆಗೆ ₹4,500 ಬಂದಿದೆ. ಯುಟಿಆರ್ ನಂಬರ್ ಇದು. ನನ್ನ ಮಾತು ನಂಬಬೇಡಿ, ನಿಮ್ಮ ಪಾಸ್‌ಬುಕ್ಕಿನಲ್ಲೇ ನೋಡಿ. ನನಗೆ ನೇರವಾಗಿ ಕಳಿಸುವುದೂ ಬೇಡ. ನಿಮ್ಮ ಬ್ಯಾಂಕಿಗೆ ಹೋಗಿ, ಈ ದೂರಿನ ನಂಬರ್ ತೋರಿಸಿ, ವಾಪಸ್ ಮಾಡಲು ಒಪ್ಪಿಗೆ ಕೊಡಿ ಸಾಕು."

ಯುಟಿಆರ್ ಎಂದರೆ ಆ್ಯಪ್‌ನ ಪಾವತಿ ವಿವರದಲ್ಲಿರುವ 12 ಅಂಕಿ. ಅದನ್ನು ಪೂರ್ತಿ ಬರೆಯಿರಿ, ಅವರ ಸ್ಟೇಟ್‌ಮೆಂಟಿನಲ್ಲೂ ಅದೇ ಇರುತ್ತದೆ. ಲಿಂಕ್, ಕ್ಯೂಆರ್ ಸೇರಿಸಬೇಡಿ. ಪೊಲೀಸ್ ಹೆಸರೂ ಬೇಡ, ಬೆದರಿದವರು ಸುಮ್ನೆ ಫೋನ್ ಆಫ್ ಮಾಡುತ್ತಾರೆ. ದೂರು ಮೊದಲು, ಮೆಸೇಜ್ ಆಮೇಲೆ. ಇಲ್ಲದಿದ್ದರೆ ತೋರಿಸಲು ನಂಬರೇ ಇರುವುದಿಲ್ಲ. ನಾಲ್ಕನೇ ದಿನ ಹಣ ಖಾತೆಗೆ ಬಂತು.