ಸ್ಕಿಪ್ ಲೆಕ್ಕದಲ್ಲಿ ನಾನು ಎಡವಿದ್ದು

ನಾವು ಚಂದಾದಾರರಿಗೆ ತಿಂಗಳಿಗೊಂದು ಸಾಮಾನಿನ ಬಾಕ್ಸ್ ಕಳಿಸುತ್ತೇವೆ. ಯಾವುದಾದರೂ ತಿಂಗಳು ಬೇಡವೆಂದರೆ ಚಂದಾ ನಿಲ್ಲಿಸದೆ ಆ ತಿಂಗಳಿನದನ್ನು ಮಾತ್ರ ಬಿಡಬಹುದು, ಅದೇ ಸ್ಕಿಪ್. ತಿಂಗಳಿಗೆ ಎಷ್ಟು ಬಾಕ್ಸ್ ಕಟ್ಟಬೇಕು ಅನ್ನೋದಕ್ಕೆ ಮೊದಲು ನನ್ನ ಹತ್ತಿರ ಒಂದೇ ಲೆಕ್ಕ ಇತ್ತು. ಚಾಲ್ತಿಯಲ್ಲಿರುವ ಚಂದಾದಾರರಲ್ಲಿ ನೂರಕ್ಕೆ 13 ಮಂದಿ ಸ್ಕಿಪ್ ಮಾಡುತ್ತಾರೆ, ಉಳಿದವರಿಗೆ ಕಟ್ಟು, ಅಷ್ಟೇ. ಹಲವು ತಿಂಗಳು ಇದು ಸರಿಯಾಗೇ ನಡೆಯಿತು.

ಆಮೇಲೆ ಒಂದು ರಿಯಾಯಿತಿ ಬಿಟ್ಟೆವು. ಜನ ಜಾಸ್ತಿ ಸೇರಿದರು. ಮುಂದಿನ ತಿಂಗಳು 1,000 ಚಂದಾದಾರರಿದ್ದರು. 13% ಕಳೆದು 870, ಕೊನೆ ದಿನದೊಳಗೆ ಸೇರಬಹುದಾದ ಹೊಸಬರು 25, ಒಟ್ಟು 895 ಕಟ್ಟಿದೆವು. ಹೋದದ್ದು 803. ಉಳಿದ 92 ಬಾಕ್ಸ್ ಗೋಡೆಗೆ ಒರಗಿ ಕೂತವು.

ಹಿಂದಿನ ಆರು ತಿಂಗಳ ಪಟ್ಟಿ ತೆಗೆದು, ಪ್ರತಿಯೊಬ್ಬರೂ ಹೋದ ತಿಂಗಳು ಏನು ಮಾಡಿದ್ದರು ಅಂತ ನೋಡಿ ಗುಂಪು ಮಾಡಿದೆ. ಆಗ ವಿಷಯ ಗೊತ್ತಾಯಿತು. ಹಿಂದಿನ ತಿಂಗಳೂ ಬಾಕ್ಸ್ ತೆಗೆದುಕೊಂಡ ಹಳಬರಲ್ಲಿ ಸ್ಕಿಪ್ ಮಾಡುವವರು 8% ಮಾತ್ರ. ಮೊದಲ ಬಾಕ್ಸ್ ಈಗಷ್ಟೇ ಪಡೆದವರು ಎರಡನೆಯದಕ್ಕೆ ಬಂದಾಗ 35%. ಹೋದ ತಿಂಗಳು ಸ್ಕಿಪ್ ಮಾಡಿದವರಲ್ಲಂತೂ 60% ಮತ್ತೆ ಸ್ಕಿಪ್. ಮುಂಗಡ ಕಟ್ಟಿದವರಿಗೆ ನಮ್ಮಲ್ಲಿ ಸ್ಕಿಪ್ ಇಲ್ಲ. 13% ಅನ್ನೋದು ಈ ನಾಲ್ಕು ಗುಂಪುಗಳನ್ನು ಕಲಸಿದಾಗ ಬಂದ ಅಂಕಿ. ರಿಯಾಯಿತಿಯಿಂದ ಕಲಸಿದ ಅಳತೆಯೇ ಬದಲಾಗಿತ್ತು, ಜನರ ಸ್ವಭಾವ ಅಲ್ಲ.

ಅದೇ ತಿಂಗಳನ್ನು ಮತ್ತೆ ಲೆಕ್ಕ ಹಾಕಿದೆ. ಮುಂಗಡದವರು 150, ಹಳಬರು 450, ಎರಡನೇ ಬಾಕ್ಸಿನವರು 280, ಹಿಂದೆ ಸ್ಕಿಪ್ ಮಾಡಿದವರು 120. ಸ್ಕಿಪ್ ಕ್ರಮವಾಗಿ 0, 36, 98, 72. ಒಟ್ಟು 206 ಹೋಗಿ 794 ಉಳಿಯುತ್ತದೆ. ಇದರಲ್ಲಿ ಮುಂಗಡದವರನ್ನು ಬಿಟ್ಟು 644 ಮಂದಿಯಿಂದ ಹಣ ಕಡಿತವಾಗಬೇಕು. ಮತ್ತೆ ಮತ್ತೆ ಪ್ರಯತ್ನಿಸಿದರೂ 3% ಕಾರ್ಡ್‌ಗಳಿಂದ ಹಣ ಬರೋದಿಲ್ಲ, ಅಂದರೆ 19. ಉಳಿದದ್ದು 775, ಹೊಸಬರು 25, ಒಟ್ಟು 800. ನಿಜಕ್ಕೂ ಹೋದದ್ದು 803 ಅಲ್ವಾ! ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟವೂ ಇದೆ. ಈಗಲೂ ಹದಿನೈದಿಪ್ಪತ್ತು ಆಚೀಚೆ ಆಗುತ್ತದೆ.

ಒಂದು ಕಡೆ ಮಾತ್ರ ಹುಷಾರು. ಈ ಶೇಕಡಾಗಳನ್ನು ಮೊದಲು ತೆಗೆದದ್ದು ತಿಂಗಳ ಕೊನೆಯ ಪಟ್ಟಿಯಿಂದ. ಸ್ಕಿಪ್ ಮಾಡಿ ಆಮೇಲೆ ಚಂದಾ ನಿಲ್ಲಿಸಿದವರು ಅದರಲ್ಲಿ ಇರೋದೇ ಇಲ್ಲ. ಹಾಗಾಗಿ ಸ್ಕಿಪ್ ಸುಮ್ನೆ ಕಡಿಮೆ ಕಾಣುತ್ತಿತ್ತು. ಈಗ ಸ್ಕಿಪ್ ಕಿಟಕಿ, ಅಂದರೆ ಸ್ಕಿಪ್ ಮಾಡಲು ಅವಕಾಶವಿರುವ ಅವಧಿ, ತೆರೆಯುವ ಬೆಳಿಗ್ಗೆಯೇ ಪಟ್ಟಿಯ ಪ್ರತಿ ಇಟ್ಟುಕೊಳ್ಳುತ್ತೇನೆ. ಆ ಪಟ್ಟಿಯಲ್ಲಿದ್ದು ಬಾಕ್ಸ್ ಬೇಡವೆಂದವರೆಲ್ಲ, ಸ್ಕಿಪ್ ಆಗಲಿ ರದ್ದತಿಯಾಗಲಿ, ಒಂದೇ ಲೆಕ್ಕಕ್ಕೆ.

ಒಳಗಿನ ಸಾಮಾನಿಗೆ ವಾರಗಳ ಮೊದಲೇ ಆರ್ಡರ್ ಕೊಡಬೇಕಾಗುತ್ತದೆ, ಅದು ಈ ಅಂದಾಜಿನ ಮೇಲೆ. ಬಾಕ್ಸ್ ಕಟ್ಟೋದು ಮಾತ್ರ ಎರಡು ಕಂತಿನಲ್ಲಿ. ಅಂದಾಜಿನ 90% ಮೊದಲು, ಉಳಿದದ್ದು ಸ್ಕಿಪ್ ಕಿಟಕಿ ಮುಚ್ಚಿದ ಮಾರನೇ ದಿನ.