ಕಚೇರಿ ಪತ್ರ, ಆದೇಶ ಬರೆಯುವುದು ಹೇಗೆ? ಎಡವುವುದು ಉಲ್ಲೇಖದ ಸಾಲಿನಲ್ಲೇ

ಸರ್ಕಾರಿ ಕಚೇರಿಗೆ ಹೊಸದಾಗಿ ಸೇರಿದವರು ಕರಡು ಬರೆಯಲು ಕುಳಿತರೆ ಮೊದಲು ತಲೆ ಕೆಡಿಸಿಕೊಳ್ಳುವುದು ಸಂಬೋಧನೆಯ ಬಗ್ಗೆ. ‘ಮಾನ್ಯರೇ’ ಸಾಕೇ, ‘ಮಾನ್ಯ ಮಹನೀಯರೇ’ ಬೇಕೇ ಎಂದು ಅರ್ಧ ಗಂಟೆ ಕಳೆಯುತ್ತದೆ. ಆಮೇಲೆ ಉಲ್ಲೇಖದ ಸಾಲನ್ನು ಹಳೇ ಪತ್ರದಿಂದ ನಕಲು ಮಾಡಿ ಕೈತೊಳೆದುಕೊಳ್ಳುತ್ತಾರೆ. ಸಂಬೋಧನೆ ತಪ್ಪಿದ ಪತ್ರ ವಾಪಸು ಬರುವುದು ಅಪರೂಪ. ಉಲ್ಲೇಖ ತಪ್ಪಿದರೆ ಕಡತವೇ ಸಿಗುವುದಿಲ್ಲ, ನೆನಪೋಲೆಯ ಮೇಲೆ ನೆನಪೋಲೆ ಶುರುವಾಗುತ್ತದೆ.

ಸುಲಭದ್ದನ್ನು ಮೊದಲು ಮುಗಿಸೋಣ. ಪತ್ರದ ನೆತ್ತಿಯಲ್ಲಿ ಕಚೇರಿಯ ಹೆಸರು ಮತ್ತು ವಿಳಾಸ, ಅದರ ಕೆಳಗೆ ಎಡಕ್ಕೆ ಸಂಖ್ಯೆ, ಬಲಕ್ಕೆ ದಿನಾಂಕ. ‘ಇವರಿಗೆ’ ಎಂಬಲ್ಲಿ ಪದನಾಮ ಬರೆಯಿರಿ, ವ್ಯಕ್ತಿಯ ಹೆಸರು ಬೇಡ. ಅಧಿಕಾರಿ ನಾಳೆ ವರ್ಗವಾದರೂ ಪತ್ರ ಹುದ್ದೆಗೆ ತಲುಪಬೇಕು. ಸಂಬೋಧನೆಗೆ ‘ಮಾನ್ಯರೇ,’ ಎಂದರೆ ಸಾಕು. ಗಂಡಸು, ಹೆಂಗಸು, ಮೇಲಿನವರು, ಸಮಾನರು ಎಲ್ಲರಿಗೂ ಅದು ಹೊಂದುತ್ತದೆ. ‘ಮಾನ್ಯ ಸರ್’ ಮಾತಿನಲ್ಲಿ ಇರಲಿ, ಕಾಗದಕ್ಕೆ ಬೇಡ. ಅದರ ಕೆಳಗೆ ವಿಷಯ, ಉಲ್ಲೇಖ, ನಕ್ಷತ್ರಗಳ ಒಂದು ಸಾಲು, ಆಮೇಲೆ ಒಕ್ಕಣೆ. ಕೊನೆಗೆ ‘ತಮ್ಮ ವಿಶ್ವಾಸಿ,’ ಅಥವಾ ‘ತಮ್ಮ ನಂಬುಗೆಯ,’ ಎಂದು ಬರೆದು ಸಹಿ, ಹೆಸರು, ಪದನಾಮ. ‘ಇಂತಿ’ ಎನ್ನುವುದನ್ನು ಅರ್ಜಿದಾರರಿಗೆ ಬಿಟ್ಟುಬಿಡಿ.

ಕಚೇರಿ ಆದೇಶಕ್ಕೂ ಅಧಿಕೃತ ಜ್ಞಾಪನಕ್ಕೂ ಇವು ಯಾವುವೂ ಇಲ್ಲ. ಸಂಬೋಧನೆಯೂ ಇಲ್ಲ, ವಿಶ್ವಾಸಿಯೂ ಇಲ್ಲ. ಆದೇಶ ಯಾರೊಡನೆಯೂ ಮಾತಾಡುವುದಿಲ್ಲ, ಆದ್ದರಿಂದ ಅದರಲ್ಲಿ ‘ತಾವು’, ‘ತಮ್ಮ’ ಬರಕೂಡದು. ಅರೆ ಸರ್ಕಾರಿ ಪತ್ರ ಇದಕ್ಕೆ ತದ್ವಿರುದ್ಧ. ಅಲ್ಲಿ ‘ಪ್ರಿಯ ಶ್ರೀ’ ಎಂದು ಹೆಸರು ಹಿಡಿದು ಬರೆಯಬೇಕು, ಕೊನೆಗೆ ‘ವಂದನೆಗಳೊಂದಿಗೆ’ ಸೇರಿಸಬೇಕು.

ಒಕ್ಕಣೆಯಲ್ಲಿ ಗಮನ ಬೇಡುವುದು ಕ್ರಿಯಾಪದ. ಮೇಲಧಿಕಾರಿಗೆ ವರದಿಯನ್ನು ‘ಸಲ್ಲಿಸಿದೆ’, ಸಮಾನ ಕಚೇರಿಗೆ ‘ಕಳುಹಿಸಿದೆ’. ಮೇಲಿನವರಿಗೂ ಸಮಾನರಿಗೂ ‘ಕೋರಿದೆ’, ಅಧೀನ ಕಚೇರಿಗೆ ಮಾತ್ರ ‘ಸೂಚಿಸಿದೆ’. ಜಿಲ್ಲಾಧಿಕಾರಿಗಳಿಗೆ ಬರೆಯುವಾಗ ‘ಕ್ರಮ ಕೈಗೊಳ್ಳಲು ಸೂಚಿಸಿದೆ’ ಎಂದು ಅಧೀನ ಕಚೇರಿಗೆ ಬರೆದ ಪತ್ರದಿಂದ ನಕಲಾಗಿ ಬಂದ ಸಾಲು ಉಳಿದರೆ, ಎಷ್ಟು ಸಲ ‘ಮಾನ್ಯರೇ’ ಎಂದರೂ ಮರ್ಯಾದೆ ಉಳಿಯುವುದಿಲ್ಲ.

ಈಗ ಉಲ್ಲೇಖಕ್ಕೆ ಬರೋಣ. ಪತ್ರದಲ್ಲಿ ಇದರ ಹೆಸರು ‘ಉಲ್ಲೇಖ’, ಆದೇಶದಲ್ಲಿ ‘ಓದಲಾಗಿದೆ’. ಪ್ರತಿಯೊಂದು ನಮೂದಿನಲ್ಲಿ ನಾಲ್ಕು ಅಂಶ ಇರಬೇಕು: ಯಾರದು, ಯಾವ ಬಗೆಯದು (ಪತ್ರವೇ, ಆದೇಶವೇ, ಮನವಿಯೇ), ಸಂಖ್ಯೆ ಎಷ್ಟು, ದಿನಾಂಕ ಯಾವುದು. ಹಳೆಯದು ಮೊದಲು, ಹೊಸದು ಕೊನೆಗೆ. ಒಂದಕ್ಕಿಂತ ಹೆಚ್ಚಿದ್ದರೆ ಕ್ರಮಸಂಖ್ಯೆ ಹಾಕಿ, ಒಕ್ಕಣೆಯಲ್ಲಿ ‘ಉಲ್ಲೇಖ (2)ರ ಪತ್ರದಲ್ಲಿ’ ಎಂದು ಅದೇ ಸಂಖ್ಯೆಯಿಂದ ಕರೆಯಿರಿ.

ನಿಯಮ ಇಷ್ಟೇ. ಕೆಡುವುದು ಎಲ್ಲಿ ಎಂಬುದನ್ನು ಒಂದು ಗಳಿಕೆ ರಜೆಯ ಆದೇಶದಲ್ಲಿ ನೋಡಬಹುದು. ಉಪವಿಭಾಗವೊಂದರ ದ್ವಿತೀಯ ದರ್ಜೆ ಸಹಾಯಕರು 19-05-2025ರಂದು ರಜೆಗೆ ಅರ್ಜಿ ಕೊಟ್ಟಿದ್ದಾರೆ. ಸಹಾಯಕ ಕಾರ್ಯಪಾಲಕ ಇಂಜಿನಿಯರ್ 22ರ ಪತ್ರದಲ್ಲಿ ಶಿಫಾರಸು ಮಾಡಿ ವಿಭಾಗ ಕಚೇರಿಗೆ ಕಳುಹಿಸಿದ್ದಾರೆ. ಅದು 26ಕ್ಕೆ ಸ್ವೀಕೃತವಾಗಿದೆ. ವಿಷಯ ನಿರ್ವಾಹಕರ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

ಓದಲಾಗಿದೆ:
1) ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಅವರ ಪತ್ರ, ಸ್ವೀಕೃತಿ ಸಂಖ್ಯೆ 812, ದಿನಾಂಕ 26-05-2025
2) ತಮ್ಮ ರಜೆ ಅರ್ಜಿ
3) ಈ ಕಚೇರಿಯ ಸಮಸಂಖ್ಯೆ ಆದೇಶ

ಮೂರು ಸಾಲಿನಲ್ಲಿ ಹಲವು ತಪ್ಪು. 812 ಎಂಬುದು ವಿಭಾಗ ಕಚೇರಿಯ ಸ್ವೀಕೃತಿ ವಹಿಯ ಸಂಖ್ಯೆ, 26 ಆ ವಹಿಯ ದಿನಾಂಕ. ಉಪವಿಭಾಗದವರು ಇವೆರಡನ್ನು ಹಿಡಿದು ತಮ್ಮ ಕಚೇರಿ ಪ್ರತಿ ಹುಡುಕಿದರೆ ಏನೂ ಸಿಗದು. ಪತ್ರ ಬರೆದವರು ಕೊಟ್ಟ ಸಂಖ್ಯೆ, ಬರೆದವರು ಹಾಕಿದ ದಿನಾಂಕ ಇವೇ ಉಲ್ಲೇಖಕ್ಕೆ ಬರಬೇಕು. ಸಂಖ್ಯೆಯೇ ಇಲ್ಲದ ಸಾರ್ವಜನಿಕರ ಮನವಿಗೆ ಮಾತ್ರ ಮನವಿಯ ದಿನಾಂಕದ ಜೊತೆ ಸ್ವೀಕೃತಿ ಸಂಖ್ಯೆ ಸೇರಿಸಬಹುದು.

ಎರಡನೆಯ ಸಾಲಿನ ‘ತಮ್ಮ’ ಯಾರು? ಆದೇಶದ ಪ್ರತಿ ನೌಕರರಿಗೂ ಹೋಗುತ್ತದೆ, ಉಪವಿಭಾಗಕ್ಕೂ ಹೋಗುತ್ತದೆ, ಲೆಕ್ಕ ಶಾಖೆಗೂ ಹೋಗುತ್ತದೆ. ಲೆಕ್ಕ ಶಾಖೆಯವರು ಓದಿದರೆ ಅರ್ಜಿ ಅವರದೇ ಆಯಿತು! ಆ ಸಾಲಿಗೆ ದಿನಾಂಕವೂ ಇಲ್ಲ. ಮೇಲಾಗಿ ಅರ್ಜಿ ಮೊದಲು ಬಂದದ್ದು, ಶಿಫಾರಸು ಆಮೇಲೆ, ಕ್ರಮವೂ ತಲೆಕೆಳಗಾಗಿದೆ.

ಮೂರನೆಯ ಸಾಲಿನ ‘ಸಮಸಂಖ್ಯೆ’ ಅತಿ ಹೆಚ್ಚು ದುರ್ಬಳಕೆಯಾಗುವ ಪದ. ಈ ಪತ್ರದ ನೆತ್ತಿಯಲ್ಲಿರುವ ಸಂಖ್ಯೆಯೇ ಹಿಂದಿನ ಪತ್ರದ್ದೂ ಹೌದು ಎಂದು ಅದು ಹೇಳುತ್ತದೆ. ಒಂದೇ ಕಡತದಿಂದ ಹೊರಟ ಎರಡನೇ, ಮೂರನೇ ಪತ್ರಕ್ಕೆ, ನೆನಪೋಲೆಗೆ ಅದು ಅನುಕೂಲದ ಅಡ್ಡದಾರಿ, ಜೊತೆಗೆ ದಿನಾಂಕ ಇದ್ದರೆ ಮಾತ್ರ: ‘ಈ ಕಚೇರಿಯ ಸಮಸಂಖ್ಯೆ ಪತ್ರ, ದಿನಾಂಕ 05-05-2025’. ಕಡತ ಬೇರೆಯಾದರೆ ಅಥವಾ ಪತ್ರ ಬೇರೆ ಕಚೇರಿಯದಾದರೆ ಪೂರ್ತಿ ಸಂಖ್ಯೆ ಬರೆಯಲೇಬೇಕು. ಈ ಪ್ರಕರಣದಲ್ಲಿ ಅದೇ ಕಡತದ ಹಿಂದಿನ ಆದೇಶವೇ ಇಲ್ಲ. ಹಳೇ ಕರಡಿನಿಂದ ಉಳಿದುಕೊಂಡ ಸಾಲು ಅದು. ಒಕ್ಕಣೆಯಲ್ಲಿ ಎಲ್ಲೂ ಬಳಕೆಯಾಗಿಲ್ಲ. ಬಳಸದ ಉಲ್ಲೇಖವನ್ನು ಕಣ್ಣುಮುಚ್ಚಿ ಹೊಡೆದುಹಾಕಿ.

ತಿದ್ದಿದ ಮೇಲೆ ಎರಡೇ ಸಾಲು ಉಳಿಯುತ್ತದೆ:

ಓದಲಾಗಿದೆ:
1) ಶ್ರೀಮತಿ (ಹೆಸರು), ದ್ವಿತೀಯ ದರ್ಜೆ ಸಹಾಯಕರು, ಇವರ ರಜೆ ಅರ್ಜಿ, ದಿನಾಂಕ 19-05-2025
2) ಸಹಾಯಕ ಕಾರ್ಯಪಾಲಕ ಇಂಜಿನಿಯರ್, ಉಪವಿಭಾಗ, ಇವರ ಪತ್ರ ಸಂಖ್ಯೆ: ಉವಿ/ಸಿಬ್ಬಂದಿ/41/2025-26, ದಿನಾಂಕ 22-05-2025

ಇದು ಸರಿಯಾದರೆ ಪ್ರಸ್ತಾವನೆ ತಾನಾಗಿಯೇ ಬರುತ್ತದೆ, ಏಕೆಂದರೆ ಓದಲಾದ ಒಂದೊಂದು ಕಾಗದಕ್ಕೂ ಅಲ್ಲಿ ಒಂದೊಂದು ವಾಕ್ಯ ಇದ್ದರೆ ಸಾಕು. ‘ಮೇಲೆ ಓದಲಾದ (1)ರ ಅರ್ಜಿಯಲ್ಲಿ ಸದರಿ ನೌಕರರು ದಿನಾಂಕ 02-06-2025 ರಿಂದ 13-06-2025 ರವರೆಗೆ 12 ದಿನಗಳ ಗಳಿಕೆ ರಜೆಯನ್ನೂ, ಅದರ ಹಿಂದು ಮುಂದಿನ ರಜಾ ದಿನಗಳನ್ನು ಜೋಡಿಸಿಕೊಳ್ಳಲು ಅನುಮತಿಯನ್ನೂ ಕೋರಿರುತ್ತಾರೆ. (2)ರ ಪತ್ರದಲ್ಲಿ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಅವರು ರಜೆ ಮಂಜೂರು ಮಾಡಲು ಶಿಫಾರಸು ಮಾಡಿರುತ್ತಾರೆ. ಸದರಿ ನೌಕರರ ಖಾತೆಯಲ್ಲಿ ಸಾಕಷ್ಟು ಗಳಿಕೆ ರಜೆ ಇರುವುದನ್ನು ಸೇವಾ ಪುಸ್ತಕದಿಂದ ಪರಿಶೀಲಿಸಲಾಗಿದೆ. ಆದ್ದರಿಂದ ಈ ಆದೇಶ.’ ಪ್ರಸ್ತಾವನೆಯಲ್ಲಿ ಕಾಣಿಸದ ಸಂಗತಿ ಆದೇಶ ಭಾಗದಲ್ಲಿ ದಿಢೀರನೆ ಹುಟ್ಟಬಾರದು.

ಆದೇಶ ಭಾಗಕ್ಕೆ ಪ್ರತ್ಯೇಕ ತಲೆಬರಹ ಹಾಕಿ, ಆದೇಶದ ಸಂಖ್ಯೆ ಮತ್ತು ದಿನಾಂಕವನ್ನು ಅಲ್ಲೇ ಕೊಡಿ. ಆಮೇಲೆ: ‘ಪ್ರಸ್ತಾವನೆಯಲ್ಲಿ ವಿವರಿಸಿರುವ ಕಾರಣಗಳಿಂದ, ಶ್ರೀಮತಿ (ಹೆಸರು) ಇವರಿಗೆ ದಿನಾಂಕ 02-06-2025 ರಿಂದ 13-06-2025 ರವರೆಗೆ 12 ದಿನಗಳ ಗಳಿಕೆ ರಜೆಯನ್ನು ಮಂಜೂರು ಮಾಡಿ ಆದೇಶಿಸಿದೆ. 01-06-2025ರ ಭಾನುವಾರವನ್ನು ರಜೆಯ ಹಿಂದಕ್ಕೂ, 14-06-2025ರ ಎರಡನೇ ಶನಿವಾರ ಮತ್ತು 15-06-2025ರ ಭಾನುವಾರವನ್ನು ಮುಂದಕ್ಕೂ ಜೋಡಿಸಿಕೊಳ್ಳಲು ಅನುಮತಿಸಿದೆ. ಸದರಿಯವರು ರಜೆಯ ಮೇಲೆ ತೆರಳದಿದ್ದಲ್ಲಿ ಇದೇ ಹುದ್ದೆಯಲ್ಲಿ ಮುಂದುವರಿಯುತ್ತಿದ್ದರೆಂದು ಪ್ರಮಾಣೀಕರಿಸಿದೆ.’

ಇಲ್ಲಿ ‘ಆದೇಶಿಸಿದೆ’ ಎಂಬುದೇ ಮುಖ್ಯ ಕ್ರಿಯಾಪದ. ‘ಮಂಜೂರು ಮಾಡಲಾಗುವುದು’ ಎಂದು ಬರೆದರೆ ಮುಂದೆಂದೋ ಮಾಡುವ ಭರವಸೆಯಾಗುತ್ತದೆ; ವೇತನ ಸೆಳೆಯುವವರು ಅದನ್ನು ಹಿಡಿದು ನಿಲ್ಲಿಸಿದರೆ ತಪ್ಪು ಅವರದಲ್ಲ. ದಿನಗಳ ಎಣಿಕೆಯನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡು ಮಾಡಿ. 2 ರಿಂದ 13 ಎಂದರೆ ಎರಡೂ ತುದಿ ಸೇರಿ 12, ಕಳೆದು 11 ಎಂದು ಬರೆಯುವವರು ಬೇಕಾದಷ್ಟಿದ್ದಾರೆ. ನಿಯಮದ ಸಂಖ್ಯೆ ನಮೂದಿಸುವುದಿದ್ದರೆ ಸೇವಾ ನಿಯಮಾವಳಿಯ ಪುಸ್ತಕ ತೆರೆದು ನೋಡಿ ಬರೆಯಿರಿ, ಹೋದ ವರ್ಷದ ಆದೇಶ ನೋಡಿ ಅಲ್ಲ.

ಅಂದಹಾಗೆ, ಮಾದರಿಗೆಂದು ಸಚಿವಾಲಯದ ಆದೇಶವನ್ನು ಇಳಿಸಿಕೊಂಡು ಹೆಸರು ಬದಲಿಸುವ ಅಭ್ಯಾಸವೊಂದಿದೆ. ಅದರ ಕೊನೆಯಲ್ಲಿ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂದಿರುತ್ತದೆ. ರಾಜ್ಯ ಸರ್ಕಾರದ ಕಾರ್ಯಾಂಗ ಕ್ರಮಗಳು ರಾಜ್ಯಪಾಲರ ಹೆಸರಿನಲ್ಲೇ ಹೊರಬೀಳಬೇಕೆಂದು ಸಂವಿಧಾನದ 166ನೇ ವಿಧಿ ಹೇಳುವುದರಿಂದ ಸರ್ಕಾರದ ಕಾರ್ಯದರ್ಶಿ, ಅಧೀನ ಕಾರ್ಯದರ್ಶಿಗಳು ಸಹಿ ಮಾಡುವ ಸರ್ಕಾರಿ ಆದೇಶದಲ್ಲಿ ಆ ಸಾಲು ಇರುತ್ತದೆ. ವಿಭಾಗ ಕಚೇರಿಯ ರಜೆ ಆದೇಶಕ್ಕೆ ಅದು ಸಲ್ಲದು. ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂಬ ತಲೆಬರಹವೂ ಅಷ್ಟೇ. ವಿಭಾಗ ಕಚೇರಿಯಲ್ಲಿ ತಮ್ಮ ಅಧಿಕಾರದಿಂದ ರಜೆ ಮಂಜೂರು ಮಾಡುವವರು ಕಾರ್ಯಪಾಲಕ ಇಂಜಿನಿಯರ್. ಅವರ ಸಹಿ, ಪದನಾಮ, ಮೊಹರು ಇದ್ದರೆ ಮುಗಿಯಿತು.

ಹಳೇ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಮಾದರಿಗಳನ್ನೂ ಕೈಬಿಡಿ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಕಡತದಲ್ಲಿ ಹುಡುಕಿದರೆ ಒಂದು ಪದವೂ ಸಿಗದು. ಯೂನಿಕೋಡ್‌ನಲ್ಲಿ ಹೊಸದಾಗಿ ಒಂದು ಖಾಲಿ ಮಾದರಿ ಮಾಡಿಟ್ಟುಕೊಳ್ಳಿ. ಅದರಲ್ಲಿ ದಿನಾಂಕ, ಸಂಖ್ಯೆ, ಹೆಸರಿನ ಜಾಗ ನಿಜವಾಗಿಯೂ ಖಾಲಿ ಇರಲಿ. ಯಾರದೋ ಹೆಸರು ಕೂತಿದ್ದರೆ ಒಂದಲ್ಲ ಒಂದು ದಿನ ಅದೇ ಹೆಸರಿನಲ್ಲಿ ರಜೆ ಮಂಜೂರಾಗುತ್ತದೆ.

ಸಹಿಯ ಕೆಳಗೆ ಎಡಕ್ಕೆ ಪ್ರತಿಗಳ ಪಟ್ಟಿ. ಪ್ರತಿ ಹೋಗುವವರು ಏನು ಮಾಡಬೇಕೆಂದು ಮುಂದೆಯೇ ಬರೆಯಿರಿ: ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಅವರಿಗೆ ಮಾಹಿತಿಗಾಗಿ, ಲೆಕ್ಕ ಶಾಖೆಗೆ ಮುಂದಿನ ಕ್ರಮಕ್ಕಾಗಿ, ಸಂಬಂಧಪಟ್ಟ ನೌಕರರಿಗೆ, ಸೇವಾ ಪುಸ್ತಕಕ್ಕೆ, ಕಚೇರಿ ಪ್ರತಿ. ಸೇವಾ ಪುಸ್ತಕದ ಪ್ರತಿಯನ್ನು ಪಟ್ಟಿಯಲ್ಲಿ ಬರೆದು ಪುಸ್ತಕಕ್ಕೆ ಅಂಟಿಸದೆ ಬಿಟ್ಟರೆ, ರಜೆ ಲೆಕ್ಕದಲ್ಲಿ 12 ದಿನ ಕಳೆಯುವುದು ಉಳಿದುಹೋಗುತ್ತದೆ. ನಿವೃತ್ತಿಯ ಹೊತ್ತಿಗೆ ರಜೆ ನಗದೀಕರಣದ ಲೆಕ್ಕ ತಾಳೆಯಾಗದೆ ಈ ಕಡತವನ್ನು ಮತ್ತೆ ಹುಡುಕಬೇಕಾಗುತ್ತದೆ, ಆಗ ಕೈಗೆ ಸಿಗುವ ಸುಳಿವು ಆದೇಶದ ಸಂಖ್ಯೆ ಮತ್ತು ದಿನಾಂಕ ಮಾತ್ರ.